ಶೇ 40ರ ಹಿಂದೆ ಎಷ್ಟು ಜಿಲ್ಲೆ?

‘ಮಾರಾಟವನ್ನು ಶೇ 40ರಷ್ಟು ಹೆಚ್ಚಿಸಿದ್ದೇನೆ.’ ನನ್ನ ಪ್ರೊಫೈಲ್‌ನಲ್ಲಿ ಎಲ್ಲಕ್ಕಿಂತ ಮೇಲಿದ್ದ ಸಾಲು ಇದೇ. ಸಂದರ್ಶನಕ್ಕೆ ಕೂತಾಗ ಎದುರಿದ್ದವರು ಅದರ ಮೇಲೆ ಪೆನ್ನಿಟ್ಟು, ‘ಎಷ್ಟರಿಂದ ಎಷ್ಟಕ್ಕೆ? ಅದೇ ಏರಿಯಾದಲ್ಲಾ?’ ಎಂದು ಕೇಳಿದರು. ನಾನು ತಡವರಿಸಿದೆ. ಆ ಕೆಲಸ ಸಿಗಲಿಲ್ಲ.

ಸುಳ್ಳನ್ನಂತೂ ಬರೆದಿರಲಿಲ್ಲ. ಲಾಡ್ಜ್, ಹಾಸ್ಟೆಲ್, ನರ್ಸಿಂಗ್ ಹೋಂಗಳಿಗೆ ಸೋಲಾರ್ ವಾಟರ್ ಹೀಟರ್ ಮಾರುವುದು ನನ್ನ ಕೆಲಸವಾಗಿತ್ತು. ದಾವಣಗೆರೆ ನನ್ನ ಜಿಲ್ಲೆ. ಹಿಂದಿನ ಆರ್ಥಿಕ ವರ್ಷ 66 ಲಕ್ಷ ರೂಪಾಯಿ ಇದ್ದ ವ್ಯಾಪಾರ ಮರುವರ್ಷ 92 ಲಕ್ಷಕ್ಕೆ ಏರಿತ್ತು. ಲೆಕ್ಕ ಹಾಕಿದರೆ ಶೇ 39.4. ಅದನ್ನು ದುಂಡಗೆ 40 ಮಾಡಿದ್ದೆ, ಅಷ್ಟೇ.

ಮನೆಗೆ ಬಂದು ನೋಟ್‌ಬುಕ್ ತೆರೆದು ಕೂತೆ. ಆ ವರ್ಷದ ಅಕ್ಟೋಬರ್‌ನಲ್ಲಿ ಚಿತ್ರದುರ್ಗವನ್ನೂ ನನಗೆ ವಹಿಸಿದ್ದರು. ಅಲ್ಲಿಂದ ಬಂದದ್ದು 14 ಲಕ್ಷ. ಅದನ್ನು ಕಳೆದರೆ ದಾವಣಗೆರೆಯದು 78 ಲಕ್ಷ. ಬೆಳವಣಿಗೆ ಶೇ 18. ಆ 78ರಲ್ಲಿ ಒಂದೇ ಹಾಸ್ಟೆಲ್‌ನ ಆರ್ಡರ್ 10 ಲಕ್ಷದ್ದು. ಅದನ್ನೂ ಬದಿಗಿಟ್ಟರೆ ಉಳಿಯುವುದು 68 ಲಕ್ಷ, ಅಂದರೆ ಶೇ 3. ಒಂದೇ ವರ್ಷದ ಕೆಲಸಕ್ಕೆ 40, 18, 3 ಎಂಬ ಮೂರು ಅಂಕಿ! ಸ್ವಲ್ಪ ಹೊತ್ತು ಹೊಟ್ಟೆ ಉರಿಯಿತು.

ಹಾಗೆಂದು ಮೂರನ್ನೇ ಬರೆಯಬೇಕೆ? ನನಗೆ ಹಾಗನ್ನಿಸುವುದಿಲ್ಲ. ಆ ಹಾಸ್ಟೆಲ್‌ಗೆ ನಾಲ್ಕು ತಿಂಗಳು ಅಲೆದವನು ನಾನೇ. ಆದರೆ ಅಂಥ ಆರ್ಡರ್ ವರ್ಷ ವರ್ಷವೂ ಬರುವುದಿಲ್ಲ ಎಂಬುದು ಮಾರಾಟದಲ್ಲಿರುವ ಎಲ್ಲರಿಗೂ ಗೊತ್ತು. ಅದನ್ನು ಬೆಳವಣಿಗೆಯ ಶೇಕಡಾವಾರಿನೊಳಗೆ ಅಡಗಿಸಿದರೆ ಅನುಮಾನ ಹುಟ್ಟುತ್ತದೆ. ಬೇರೆ ಸಾಲಿನಲ್ಲಿ ಬಿಡಿಸಿ ಬರೆದರೆ ಅದೇ ಒಂದು ಸಾಧನೆಯಾಗುತ್ತದೆ. ಹೊಸ ಜಿಲ್ಲೆಯ ಮಾತೂ ಅಷ್ಟೆ. ಕೈಗೆ ಬಂದ ಜಿಲ್ಲೆಯನ್ನು ನಾನೇ ಬೆಳೆಸಿದ್ದು ಎನ್ನಲಾಗದು. ಅಲ್ಲಿ ಆರು ತಿಂಗಳಲ್ಲಿ ಎಷ್ಟು ಮಾರಿದೆ ಎಂದು ಹೇಳಬಹುದು.

ಟಾರ್ಗೆಟ್‌ನ ಸಾಲಿಗೂ ಇದೇ ಪರೀಕ್ಷೆ. ದಾವಣಗೆರೆಗೆ 68 ಲಕ್ಷ, ಚಿತ್ರದುರ್ಗ ಸೇರಿದ ಮೇಲೆ ಇನ್ನೂ 12 ಲಕ್ಷ, ಒಟ್ಟು 80 ಲಕ್ಷ ನನ್ನ ಟಾರ್ಗೆಟ್. 92 ಲಕ್ಷ ಮಾರಿದ್ದು ಅದರ ಶೇ 115. ಇಲ್ಲಿ ಜಿಲ್ಲೆ ಹೆಚ್ಚಾದಾಗ ಟಾರ್ಗೆಟ್ ಕೂಡ ಹೆಚ್ಚಾಗಿದೆ. ಹಾಗಾಗಿ ಈ ಅಂಕಿ ಗಟ್ಟಿ. ಬರೀ ‘ಟಾರ್ಗೆಟ್‌ನ ಶೇ 115’ ಎಂದು ಬರೆದರೆ ಮಾತ್ರ ಓದುವವರಿಗೆ ಏನೂ ತಿಳಿಯದು. ಒಂದು ಒಳ್ಳೆಯ ತಿಂಗಳ ಲೆಕ್ಕವೂ ಅದಾಗಿರಬಹುದು, 8 ಲಕ್ಷದ ಟಾರ್ಗೆಟ್ಟೂ ಆಗಿರಬಹುದು. ಮೊತ್ತ, ಅವಧಿ ಎರಡೂ ಪಕ್ಕದಲ್ಲಿರಬೇಕು.

ಇನ್ನು ಆರ್ಡರ್‌ನ ಗಾತ್ರ. 46 ಆರ್ಡರ್‌ಗೆ 92 ಲಕ್ಷ, ಸರಾಸರಿ 2 ಲಕ್ಷ. ಆದರೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನೋಡಿದಾಗ ನಡುವಿನವು ಒಂದೂವರೆ ಲಕ್ಷದ ಆಸುಪಾಸಿನಲ್ಲಿದ್ದವು. ಸರಾಸರಿಯನ್ನು ಮೇಲಕ್ಕೆ ಎಳೆದದ್ದು ಬೆರಳೆಣಿಕೆಯ ದೊಡ್ಡ ಆರ್ಡರ್‌ಗಳು. ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಬೇಕಾದದ್ದು ನಾನು ದಿನನಿತ್ಯ ಎಂಥ ಗಿರಾಕಿಯ ಎದುರು ಕೂರುತ್ತೇನೆ ಎಂಬುದು. ಅದನ್ನು ಹೇಳುವುದು ಒಂದೂವರೆ ಲಕ್ಷ.

ಕೊನೆಗೆ ಆ ಒಂದು ಸಾಲಿನ ಜಾಗದಲ್ಲಿ ಮೂರು ಬರೆದೆ:

‘80 ಲಕ್ಷ ರೂಪಾಯಿಯ ವಾರ್ಷಿಕ ಟಾರ್ಗೆಟ್‌ಗೆ 92 ಲಕ್ಷ ಮಾರಾಟ (ಶೇ 115); ಇದರಲ್ಲಿ 14 ಲಕ್ಷ ಅಕ್ಟೋಬರ್‌ನಲ್ಲಿ ವಹಿಸಿಕೊಂಡ ಚಿತ್ರದುರ್ಗದ್ದು.’

‘ದಾವಣಗೆರೆ ಜಿಲ್ಲೆಯಲ್ಲಿ ಮಾರಾಟ 66 ಲಕ್ಷದಿಂದ 78 ಲಕ್ಷಕ್ಕೆ, ಒಂದು ಹಾಸ್ಟೆಲ್‌ನ 10 ಲಕ್ಷದ ಆರ್ಡರ್ ಸೇರಿ.’

‘ವರ್ಷಕ್ಕೆ 46 ಆರ್ಡರ್, ಸಾಮಾನ್ಯ ಆರ್ಡರ್ ಸುಮಾರು 1.5 ಲಕ್ಷ.’

ಗಿರಾಕಿಗಳ ಹೆಸರು, ಕೊಟ್ಟ ಡಿಸ್ಕೌಂಟ್ ಬರೆಯಲಿಲ್ಲ. ಅವು ಕಂಪನಿಯ ಸೊತ್ತು. ಮೊತ್ತವನ್ನೂ ಹೊರಗೆ ಹೇಳಬಾರದೆಂಬ ಷರತ್ತು ನೇಮಕಾತಿ ಪತ್ರದಲ್ಲಿ ಇದ್ದರೆ ರೂಪಾಯಿ ಬಿಟ್ಟು ಶೇಕಡಾ ಮಾತ್ರ ಬರೆಯಿರಿ, ಆದರೆ ‘ಅದೇ ಜಿಲ್ಲೆ, ಇಡೀ ವರ್ಷ’ ಎಂಬ ಮಾತು ಇರಲಿ. ಇಂಟರ್ನ್‌ಶಿಪ್‌ನಲ್ಲಿ ಅಂಗಡಿ ಸುತ್ತಿದವರಿಗೆ ಟಾರ್ಗೆಟ್ ಇಲ್ಲದಿರಬಹುದು. ಎಷ್ಟು ಅಂಗಡಿಗೆ ಹೋದಿರಿ, ಎಷ್ಟರಲ್ಲಿ ಆರ್ಡರ್ ಸಿಕ್ಕಿತು ಎಂದು ಬರೆದರೆ ಸಾಕು. ನಿಮ್ಮ ಅಂಕಿಯನ್ನು ತಿಂಗಳಿಗೊಮ್ಮೆ ನೀವೇ ಬರೆದಿಡಿ. ಕೆಲಸ ಬಿಟ್ಟ ದಿನವೇ ಕಂಪನಿಯ ಲ್ಯಾಪ್‌ಟಾಪ್ ವಾಪಸ್ ಹೋಗುತ್ತದೆ. ನನ್ನ ಕೈಯಲ್ಲಿ ಉಳಿದದ್ದು ಆ ನೋಟ್‌ಬುಕ್ ಒಂದೇ.

ಮುಂದಿನ ಸಂದರ್ಶನದಲ್ಲಿ ಹಾಸ್ಟೆಲ್ ಆರ್ಡರ್ ಬಗ್ಗೆಯೇ ಅರ್ಧ ಗಂಟೆ ಕೇಳಿದರು: ಯಾರು ಒಪ್ಪಬೇಕಿತ್ತು, ಎಲ್ಲಿ ಸಿಕ್ಕಿಹಾಕಿಕೊಂಡಿತ್ತು, ದುಡ್ಡು ಯಾವಾಗ ಬಂತು. ಎಲ್ಲಕ್ಕೂ ಉತ್ತರವಿತ್ತು. ಕೆಲಸಕ್ಕೆ ಸೇರಿದ ದಿನ ಟಾರ್ಗೆಟ್ ಹಾಳೆ ಕೈಗೆ ಕೊಟ್ಟರು. ‘ಸಾರ್, ಹೋದ ವರ್ಷವೂ ಇಷ್ಟೇ ತಾಲ್ಲೂಕು ಇತ್ತಾ?’ ಎಂದೆ.