ಪಣಂಬೂರಿನ ಗೆರೆ ಎಳೆಯುವವರು ಯಾರು?

ಮಂಗಳೂರಿನಲ್ಲಿ ಬಂದರು ಎಂದರೆ ಎರಡು. ಹಳೆ ಬಂದರು, ಅಂದರೆ ದಕ್ಕೆ, ನದಿ ಕಡಲು ಸೇರುವಲ್ಲಿದೆ. ಅದು ರಾಜ್ಯ ಸರ್ಕಾರದ್ದು. ಪಣಂಬೂರಿನ ದೊಡ್ಡ ಬಂದರು ಕೇಂದ್ರದ್ದು. 1970ರ ದಶಕದಲ್ಲಿ ಶುರುವಾದ ಈ ಬಂದರಿಗಾಗಿ ಜಾಗ ಬಿಟ್ಟುಕೊಟ್ಟವರು ಅಲ್ಲಿನ ರೈತರು, ಮೀನುಗಾರರು. ನಾವು ಮಾತಾಡುವುದು ಈ ಎರಡನೆಯದರ ಬಗ್ಗೆ.

ಪಣಂಬೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲೇ ಇದೆ. ಅಲ್ಲಿನವರು ಪಾಲಿಕೆಗೇ ಓಟು ಹಾಕುತ್ತಾರೆ. ಹಾಗಿದ್ದರೆ ಬಂದರಿನ ಜಾಗದಲ್ಲೂ ಪಾಲಿಕೆ ಹೇಳಿದ್ದೇ ನಡೆಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ.

ಬಂದರಿಗೆ ಎರಡು ಬಗೆಯ ಗಡಿ ಇದೆ. ಒಂದು ನೀರಿನ ಗಡಿ: ಹಡಗು ಬರುವ ದಾರಿ, ಲಂಗರು ಹಾಕುವ ಜಾಗ. ಇದನ್ನು ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಮಾಡುತ್ತದೆ. ಇನ್ನೊಂದು ನೆಲ: ಗೋದಾಮು, ಟ್ಯಾಂಕು, ರಸ್ತೆ ಇರುವ ಜಾಗ. ಇಲ್ಲಿ ಬಂದರು ಪ್ರಾಧಿಕಾರವೇ ಜಮೀನುದಾರ. ಪಾಲಿಕೆಯ ನಕ್ಷೆಯೊಳಗೆ ಇದ್ದರೂ ಈ ನೆಲವನ್ನು ಯಾವುದಕ್ಕೆ ಬಳಸಬೇಕು, ಯಾರಿಗೆ ಲೀಸ್ ಕೊಡಬೇಕು ಎಂದು ನಿರ್ಧರಿಸುವುದು ಪ್ರಾಧಿಕಾರ.

2021ರ ಮಹಾಬಂದರು ಪ್ರಾಧಿಕಾರ ಕಾಯ್ದೆ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ಬಂದರು ತನ್ನ ಜಾಗಕ್ಕೆ ತಾನೇ ಮಾಸ್ಟರ್ ಪ್ಲಾನ್ ಮಾಡಬಹುದು. ಅದಕ್ಕೂ ಸ್ಥಳೀಯ ಸಂಸ್ಥೆಯ ಪ್ಲಾನಿಗೂ ತಕರಾರು ಬಂದರೆ ಬಂದರಿನದೇ ಮೇಲು.

ಒಂದು ಉದಾಹರಣೆ ಹಿಡಿಯೋಣ. ವಾರ್ಡಿನ ಮಳೆನೀರಿನ ತೋಡು ಬಂದರಿನ ಜಾಗ ದಾಟಿ ಕಡಲಿಗೆ ಹೋಗುತ್ತದೆ ಎನ್ನಿ. ಪಾಲಿಕೆ ತನ್ನ ಭಾಗದ ಹೂಳು ತೆಗೆಯುತ್ತದೆ. ಮುಂದಿನ ಭಾಗದಲ್ಲಿ ಹೊಸ ಯಾರ್ಡಿಗಾಗಿ ಮಣ್ಣು ತುಂಬಿದರೆ ನೀರು ಹಿಂದೆ ಬಂದು ಮನೆಗಳಿಗೆ ನುಗ್ಗುತ್ತದೆ. ಜನ ದೂರು ಹೇಳುವುದು ಕಾರ್ಪೊರೇಟರಿಗೆ. ಅವರಿಗೆ ಆ ಯಾರ್ಡಿನ ಪ್ಲಾನ್ ಬದಲಿಸುವ ಅಧಿಕಾರವಿಲ್ಲ. ಇಂಥ ಕಡೆ ಮೊದಲು ಆ ಸರ್ವೆ ನಂಬರಿನ ದಾಖಲೆಯಲ್ಲಿ ಮಾಲೀಕರ ಹೆಸರು ನೋಡಿ. ಬಂದರಿನ ಹೆಸರಿದ್ದರೆ ಅರ್ಜಿಯನ್ನು ಅಲ್ಲಿಗೂ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ಲಾನ್ ಒಪ್ಪುವ ಮಂಡಳಿಯಲ್ಲಿ ಯಾರಿದ್ದಾರೆ? ಅಧ್ಯಕ್ಷ, ಉಪಾಧ್ಯಕ್ಷರ ಜೊತೆಗೆ ರಾಜ್ಯ ಸರ್ಕಾರ, ರೈಲ್ವೆ, ರಕ್ಷಣೆ, ಕಸ್ಟಮ್ಸ್ ಕಡೆಯ ಒಬ್ಬೊಬ್ಬರು, ಕೇಂದ್ರ ನೇಮಿಸಿದ ಒಬ್ಬರು, ಸ್ವತಂತ್ರ ಸದಸ್ಯರು, ನೌಕರರ ಪರ ಇಬ್ಬರು. ಪಾಲಿಕೆಗೆಂದು ಕಾಯ್ದೆಯಲ್ಲಿ ಒಂದು ಕುರ್ಚಿಯೂ ಇಲ್ಲ.

ಹಡಗಿನ ದಾರಿಯನ್ನು ವಾರ್ಡ್ ಸಭೆ ತೀರ್ಮಾನಿಸಲಿ ಎಂದು ನಾವು ಹೇಳುತ್ತಿಲ್ಲ. ಅದು ದೇಶದ ವ್ಯಾಪಾರದ ವಿಷಯ. ಆದರೆ ತೋಡು, ಲಾರಿ ಓಡಾಡುವ ರಸ್ತೆ, ಧೂಳು ಇವು ಬೇಲಿ ನೋಡಿ ನಿಲ್ಲುವುದಿಲ್ಲ. ಆದ್ದರಿಂದ ನಾವು ಕೇಳುವುದು ಎರಡೇ. ಮಂಡಳಿಯಲ್ಲಿ ಪಾಲಿಕೆಯ ಒಬ್ಬ ಚುನಾಯಿತ ಸದಸ್ಯರಿರಬೇಕು. ಬಂದರಿನ ನೆಲದ ಗಡಿ, ಮಾಸ್ಟರ್ ಪ್ಲಾನ್ ಎರಡೂ ಕನ್ನಡದಲ್ಲಿ, ಸರ್ವೆ ನಂಬರ್ ಸಮೇತ ವಾರ್ಡ್ ಕಚೇರಿಯ ಗೋಡೆ ಮೇಲೆ ಇರಬೇಕು. ಊರು ಬಿಟ್ಟುಕೊಟ್ಟವರಿಗೆ ಗಡಿ ಎಲ್ಲಿದೆ ಎಂದಾದರೂ ಗೊತ್ತಿರಬೇಡವೇ?