ತಂತ್ರಜ್ಞನ ಬಡ್ತಿಯೂ ವರದಿಯ ಮೊದಲ ವಾಕ್ಯವೂ

ಒಂದೇ ವರ್ಷ ಒಂದೇ ಕಚೇರಿಯನ್ನು ಸೇರಿದ ಇಬ್ಬರು ಎಂಜಿನಿಯರುಗಳಲ್ಲಿ ಒಬ್ಬನು ಹತ್ತು ವರ್ಷಗಳಲ್ಲಿ ಮೂರು ಮೆಟ್ಟಿಲು ಏರಿರುತ್ತಾನೆ. ವಿದ್ಯೆಯಲ್ಲಿ ಅವನಿಗೆ ಸಮನಾದ, ಒಮ್ಮೊಮ್ಮೆ ಮಿಗಿಲಾದ ಇನ್ನೊಬ್ಬನು ನಿಂತಲ್ಲಿಯೇ ನಿಂತಿರುತ್ತಾನೆ. ಇದಕ್ಕೆ ಮೇಲಧಿಕಾರಿಯ ಪಕ್ಷಪಾತವೇ ಕಾರಣವೆಂದು ಹೇಳುವುದು ವಾಡಿಕೆ. ಕೆಲವೆಡೆ ಅದು ನಿಜವೂ ಇರಬಹುದು. ಆದರೆ ದೊಡ್ಡ ಸಂಸ್ಥೆಗಳಲ್ಲಿ ಬಡ್ತಿಯು ನಿರ್ಧಾರವಾಗುವ ಬಗೆಯನ್ನು ನೋಡಿದರೆ ಬೇರೊಂದು ಕಾರಣವು ಗೋಚರಿಸುತ್ತದೆ. ಆ ನಿರ್ಧಾರವನ್ನು ಕೈಗೊಳ್ಳುವ ಕೊಠಡಿಯಲ್ಲಿ ಅಭ್ಯರ್ಥಿಯು ಇರುವುದಿಲ್ಲ. ಅಲ್ಲಿ ಕುಳಿತವರಲ್ಲಿ ಬಹುಮಂದಿ ಅವನ ಕೆಲಸವನ್ನು ಕಣ್ಣಾರೆ ಕಂಡವರಲ್ಲ. ಅವರ ಮುಂದಿರುವುದು ಅವನ ಮೇಲಧಿಕಾರಿಯ ಟಿಪ್ಪಣಿ, ಅವನೇ ಬರೆದ ವರದಿಗಳು, ಸಭೆಗಳಲ್ಲಿ ಅವನ ಮಾತನ್ನು ಕೇಳಿದವರ ನೆನಪು, ಇಷ್ಟೇ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಂದು ಬ್ಯಾಂಕಿನಲ್ಲಿ ಪ್ರತಿರಾತ್ರಿ ಗಣಕಯಂತ್ರವು ಮಾಡುವ ಬಡ್ಡಿಯ ಲೆಕ್ಕ 9 ಗಂಟೆ ಹಿಡಿಯುತ್ತಿದೆ; ಬೆಳಿಗ್ಗೆ ಶಾಖೆಗಳು ತೆರೆಯುವ ಹೊತ್ತಿಗೂ ಮುಗಿಯುವುದಿಲ್ಲ. ಒಬ್ಬ ಯುವಕ ವಾರವಿಡೀ ಶ್ರಮಿಸಿ ದೋಷವನ್ನು ಕಂಡುಹಿಡಿಯುತ್ತಾನೆ. ವ್ಯವಹಾರಗಳ ಕೋಷ್ಟಕಕ್ಕೆ ಖಾತೆಯ ಸಂಖ್ಯೆಯ ಸೂಚಿಯೇ ಇರಲಿಲ್ಲ. ಪದಸೂಚಿಯಿಲ್ಲದ ದಪ್ಪ ಗ್ರಂಥದಲ್ಲಿ ಒಂದು ಶಬ್ದಕ್ಕಾಗಿ ಮೊದಲ ಪುಟದಿಂದ ಕಡೆಯ ಪುಟದವರೆಗೆ ಹುಡುಕುವಂತೆ, ಯಂತ್ರವು ಒಂದೊಂದು ಖಾತೆಗೂ ಇಡೀ ಕೋಷ್ಟಕವನ್ನು ಓದುತ್ತಿತ್ತು. ಸೂಚಿಯನ್ನು ಸೇರಿಸಿದ ಮೇಲೆ ಕೆಲಸವು 40 ನಿಮಿಷಕ್ಕೆ ಇಳಿಯಿತು.

ಆತ ಮೂರು ಪುಟಗಳ ವರದಿಯನ್ನು ಬರೆಯುತ್ತಾನೆ: ಸೋಮವಾರ ದಾಖಲೆಗಳನ್ನು ಪರಿಶೀಲಿಸಲಾಯಿತು, ಸ್ಮೃತಿಕೋಶ ಸಾಲದೆಂದು ಶಂಕಿಸಿ ಹೆಚ್ಚಿಸಲಾಯಿತು, ಫಲವಾಗಲಿಲ್ಲ, ಬುಧವಾರ ಜಾಲವನ್ನು ಪರೀಕ್ಷಿಸಲಾಯಿತು, ಎಂದು. 40 ನಿಮಿಷದ ಮಾತು ಮೂರನೆಯ ಪುಟದ ನಡುವೆ ಬರುತ್ತದೆ. ಇದರಲ್ಲಿ ಸುಳ್ಳಿಲ್ಲ, ವ್ಯಾಕರಣದೋಷವೂ ಇಲ್ಲ. ತಾನು ಕಂಡುಕೊಂಡ ಕ್ರಮದಲ್ಲಿಯೇ ಬರೆದಿರುವುದು ಅದರ ದೋಷ. ಓದುವವನಿಗೆ ಬೇಕಾದದ್ದು ನಿರ್ಧರಿಸುವ ಕ್ರಮ. ಅದೇ ವರದಿಯು ಹೀಗೆ ಆರಂಭವಾಗಬಹುದಿತ್ತು: "ರಾತ್ರಿಯ ಬಡ್ಡಿಯ ಲೆಕ್ಕ 9 ಗಂಟೆಯಿಂದ 40 ನಿಮಿಷಕ್ಕೆ ಇಳಿದಿದೆ. ಒಂದು ಕೋಷ್ಟಕಕ್ಕೆ ಸೂಚಿ ಇಲ್ಲದಿದ್ದುದೇ ಕಾರಣ. ಇನ್ನೆರಡು ಕೋಷ್ಟಕಗಳಲ್ಲಿಯೂ ಇದೇ ದೋಷವಿದೆ. ಸರಿಪಡಿಸಲು ಭಾನುವಾರ 2 ಗಂಟೆ ಯಂತ್ರವನ್ನು ನಿಲ್ಲಿಸಲು ಅನುಮತಿ ಬೇಕು." ಮೇಲಧಿಕಾರಿಯು ಈ ವಾಕ್ಯಗಳನ್ನು ಹಾಗೆಯೇ ಬಡ್ತಿಯ ಸಭೆಗೆ ಒಯ್ಯಬಲ್ಲನು. ಮೂರು ಪುಟಗಳ ಕಥನವನ್ನು ಯಾರೂ ಒಯ್ಯಲಾರರು.

ಕ್ರಮ ತಪ್ಪಿದ ಬರಹದಿಂದ ಬಡ್ತಿಗಿಂತ ದೊಡ್ಡದೇ ಮರೆಯಾಗಬಹುದು. 2003ರ ಜನವರಿ 16ರಂದು ಅಮೆರಿಕೆಯ ಕೊಲಂಬಿಯಾ ನೌಕೆಯು ಗಗನಕ್ಕೇರುವಾಗ ಇಂಧನದ ತೊಟ್ಟಿಯಿಂದ ಕಳಚಿದ ನೊರೆಪದಾರ್ಥದ ತುಂಡೊಂದು ಅದರ ಎಡ ರೆಕ್ಕೆಗೆ ಬಡಿಯಿತು. ಅಪಾಯವನ್ನು ಅಂದಾಜು ಮಾಡಿದ ಎಂಜಿನಿಯರುಗಳು ಅಧಿಕಾರಿಗಳಿಗೆ ತೋರಿಸಿದ ಒಂದು ಪುಟದ ಶೀರ್ಷಿಕೆ ಧೈರ್ಯ ತುಂಬುವಂತಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ತುಂಡು 3 ಘನ ಅಂಗುಲದ್ದು, ಈಗ ಬಡಿದದ್ದು 1920 ಘನ ಅಂಗುಲದ್ದು, ಎಂದರೆ 640 ಪಟ್ಟು ದೊಡ್ಡದು, ಎಂಬ ಸಂಗತಿಯು ಪುಟದ ತಳದಲ್ಲಿ ಸಣ್ಣ ಅಕ್ಷರಗಳಲ್ಲಿ ಅಡಗಿತ್ತು. ಫೆಬ್ರವರಿ 1ರಂದು ನೌಕೆಯು ಛಿದ್ರವಾಗಿ ಕಲ್ಪನಾ ಚಾವ್ಲಾ ಸಹಿತ ಏಳು ಮಂದಿ ಮಡಿದರು. ಆ ಒಂದು ಪುಟವೇ ದುರಂತಕ್ಕೆ ಕಾರಣವೆನ್ನುವುದು ಸರಿಯಲ್ಲ. ಆದರೂ ತನಿಖಾ ಮಂಡಲಿಯು ಅದೇ ವರ್ಷದ ತನ್ನ ವರದಿಯಲ್ಲಿ ಅದನ್ನು ಮುದ್ರಿಸಿ ಟೀಕಿಸಿತು. 640 ಪಟ್ಟು ಎಂಬ ಮಾತನ್ನು ಶೀರ್ಷಿಕೆಯಲ್ಲಿಯೇ ಇಡಬಲ್ಲವನಿಗೆ ಹೆಚ್ಚಿನ ಹೊಣೆಯನ್ನು ಒಪ್ಪಿಸುವುದು ಪಕ್ಷಪಾತವಲ್ಲ.

ಭಾಷಣದ ವಿಷಯದಲ್ಲಿಯೂ ಇದೇ ನ್ಯಾಯ. ತಾಂತ್ರಿಕ ಸಭೆಯಲ್ಲಿ ಕಂಠಮಾಧುರ್ಯಕ್ಕಾಗಲಿ ಅಲಂಕಾರಕ್ಕಾಗಲಿ ಬೆಲೆ ಕಡಿಮೆ. ಅಲ್ಲಿ ಪರೀಕ್ಷೆ ನಡೆಯುವುದು ಪ್ರಶ್ನೆಯ ಹೊತ್ತಿನಲ್ಲಿ. "ಮಾಸಾಂತ್ಯದ ಹೊರೆಯನ್ನು ಇದು ತಡೆದೀತೆ?" ಎಂದು ಕೇಳಿದಾಗ ಮತ್ತೆ ಆದಿಯಿಂದ ಕಥೆ ಹೇಳತೊಡಗುವವನು ಕೇಳುವವರ ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ. "ತಡೆಯುತ್ತದೆಂದು ಇನ್ನೂ ಹೇಳಲಾರೆ, ಗುರುವಾರ ಪರೀಕ್ಷಿಸಿ ತಿಳಿಸುವೆ" ಎಂದು ಹೇಳಿ, ಗುರುವಾರ ತಿಳಿಸುವವನು ಅದನ್ನು ಗಳಿಸುತ್ತಾನೆ. ಬರಿಯ ಮಾತುಗಾರನು ಸಿಕ್ಕಿಬೀಳುವುದೂ ಇಲ್ಲಿಯೇ. ಎರಡನೆಯ ಪ್ರಶ್ನೆಗೆ ಅವನ ಬಳಿ ಸಂಖ್ಯೆ ಇರುವುದಿಲ್ಲ.

ಸೇವಾಜ್ಯೇಷ್ಠತೆಯೇ ಪ್ರಧಾನವಾದ ಹುದ್ದೆಗಳಲ್ಲಿ ಈ ಗುಣದ ಫಲ ಅಲ್ಪವೆಂಬುದನ್ನು ಒಪ್ಪಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ಅಳುಕೂ ಉಂಟು. ಆದರೆ ಮೇಲಿನ ನಾಲ್ಕು ವಾಕ್ಯಗಳಿಗೆ ಬೇಕಾದ ಇಂಗ್ಲಿಷು ಬಹಳವೇನಲ್ಲ. ಅಭ್ಯಾಸವಾಗಬೇಕಾದದ್ದು ಕ್ರಮ. ಶಾಲೆಯ ವಿಜ್ಞಾನದ ಪ್ರಯೋಗಪುಸ್ತಕವಾದರೋ ಉದ್ದೇಶ, ಉಪಕರಣ, ವಿಧಾನ ಎಂದು ಸಾಗಿ ಫಲಿತಾಂಶವನ್ನು ಕಡೆಗಿಡುವುದನ್ನೇ ಕಲಿಸುತ್ತದೆ. ಪ್ರಯೋಗಕ್ಕೆ ಆ ಕ್ರಮವು ಉಚಿತವೇ. ಅದೇ ಪುಟದ ಮೇಲಂಚಿನಲ್ಲಿ, ಪ್ರಯೋಗವನ್ನು ನೋಡದ ಒಬ್ಬನಿಗಾಗಿ, ದೊರೆತ ಫಲವನ್ನೂ ಅದರಲ್ಲಿನ ಸಂದೇಹವನ್ನೂ ಎರಡು ವಾಕ್ಯಗಳಲ್ಲಿ ಬರೆಯಿಸಲು ಉಪಾಧ್ಯಾಯರಿಗೆ ಹೆಚ್ಚೆಂದರೆ ಐದು ನಿಮಿಷ ಸಾಕು.