ಯಾರನ್ನು ತಿರುವನಂತಪುರಕ್ಕೆ ಕಳಿಸಬೇಕು?

2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಕೊಚ್ಚಿಯ ಸುತ್ತಲಿನ ಆಲುವಾ, ಪರವೂರು ಕಡೆಯ ಊರುಗಳೆಲ್ಲ ನೀರಿನಲ್ಲಿ ನಿಂತವು. ಅಂಥ ನೆರೆ ಇಳಿದ ಮೇಲೆ ಜನ ಮೊದಲು ಒಣಗಲು ಹಾಕುವ ಸಾಮಾನುಗಳಲ್ಲಿ ನೋಟುಗಳೂ ಇರುತ್ತವೆ. ಅಕ್ಕಿಡಬ್ಬಿಯಲ್ಲಿದ್ದವು, ಬೀರುವಿನಲ್ಲಿದ್ದವು, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದ್ದವು. ಒಣಗಿದ ಮೇಲೆ ಅವು ಬ್ಯಾಂಕಿನ ಕೌಂಟರ್‌ಗೆ ಬರುತ್ತವೆ. ಅಲ್ಲಿ ಆರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಹುಡುಗನೋ ಹುಡುಗಿಯೋ ಕೂತಿದ್ದರೆ ಬಾಯಿಗೆ ಸುಲಭವಾಗಿ ಬರುವ ಉತ್ತರ ಒಂದೇ: “ಇದನ್ನು ರಿಸರ್ವ್ ಬ್ಯಾಂಕಿಗೆ ತೆಗೆದುಕೊಂಡು ಹೋಗಿ.”

ಕೇರಳದಲ್ಲಿ ಈ ಮಾತಿಗೆ ದೂರದ ಲೆಕ್ಕವಿದೆ. ರಿಸರ್ವ್ ಬ್ಯಾಂಕಿನ ನೋಟು ವಿತರಣಾ ಕಚೇರಿ ಇರುವುದು ತಿರುವನಂತಪುರದಲ್ಲಿ. ಕೊಚ್ಚಿಯಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ನಾಲ್ಕು ಹರಿದ ನೋಟಿಗಾಗಿ ಕೂಲಿಯವನೊಬ್ಬ ಒಂದು ದಿನದ ಸಂಬಳ ಬಿಟ್ಟು ರೈಲು ಹತ್ತಬೇಕು. ಅಂಥವರಲ್ಲಿ ಹೆಚ್ಚಿನವರು ನಿಯಮದ ಪ್ರಕಾರ ಹೋಗಬೇಕಾಗಿಯೇ ಇಲ್ಲ. ಹೊಸ ಕೌಂಟರ್ ಸಿಬ್ಬಂದಿಗೆ ಬರೆಯುವ ತರಬೇತಿ ಕೈಪಿಡಿಯಲ್ಲಿ ಹರಿದ ನೋಟಿನ ಪಾಠದ ಗುರಿ ಇದೊಂದೇ ಆಗಿರಬೇಕು: ಯಾರನ್ನು ಅಲ್ಲಿಗೆ ಕಳಿಸಬೇಕು, ಯಾರನ್ನು ಕಳಿಸಬಾರದು ಎಂದು ಗೊತ್ತಾಗುವುದು.

ಕೈಪಿಡಿಗಳು ಸಾಮಾನ್ಯವಾಗಿ ಎಡವುವುದು ಕಲಿಕೆಯ ಉದ್ದೇಶ ಬರೆಯುವಾಗಲೇ. “ಈ ಪಾಠದ ಕೊನೆಗೆ ಕಲಿಯುವವರು ನೋಟ್ ರಿಫಂಡ್ ನಿಯಮಗಳನ್ನು ವಿವರಿಸಬಲ್ಲರು” ಎಂದು ಬರೆದರೆ ನೋಡಲು ಚೆನ್ನಾಗಿರುತ್ತದೆ. ಆದರೆ ಕೌಂಟರ್‌ನಲ್ಲಿ ಯಾರೂ ನಿಯಮ ವಿವರಿಸಲು ಕೇಳುವುದಿಲ್ಲ. ಅಲ್ಲದೆ ಹರಿದ ನೋಟಿಗೆ ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ಗುಮಾಸ್ತರ ಕೆಲಸವೂ ಅಲ್ಲ. ಆ ಅಧಿಕಾರ ಶಾಖೆಯ ಮ್ಯಾನೇಜರ್‌ಗೆ ಮತ್ತು ಲೆಕ್ಕ ಅಥವಾ ನಗದು ವಿಭಾಗದ ಮುಖ್ಯಸ್ಥರಿಗೆ ಇರುತ್ತದೆ. ಕೌಂಟರ್‌ನಲ್ಲಿ ಕೂತವರು ಮಾಡಬೇಕಾದದ್ದು ನೋಟು ತೆಗೆದುಕೊಂಡು, ಯಾವ ಗುಂಪಿನದೆಂದು ಬೇರೆ ಮಾಡಿ, ಸರಿಯಾದ ಮೇಜಿಗೆ ಒಯ್ಯುವುದು. ಹಾಗಾಗಿ ಉದ್ದೇಶವನ್ನು ಹೀಗೆ ಬರೆಯಬೇಕು: “ಮುಂದಿಟ್ಟ ನೋಟುಗಳನ್ನು ಮೂರು ಗುಂಪು ಮಾಡಿ, ಪ್ರತಿ ಗುಂಪಿಗೆ ಮುಂದೇನೆಂದು ಗ್ರಾಹಕರಿಗೆ ಒಂದು ವಾಕ್ಯದಲ್ಲಿ ಹೇಳಬಲ್ಲರು.” ಇದನ್ನು ಮಾಡಿದರೋ ಇಲ್ಲವೋ ಎಂದು ಪಕ್ಕದಲ್ಲಿ ನಿಂತು ನೋಡಿಯೇ ಹೇಳಬಹುದು.

ಮೊದಲ ಗುಂಪು ಮಾಸಿದ ನೋಟು. ಹೊಸಬರು ಹೆಚ್ಚು ತಪ್ಪುವುದು ಇಲ್ಲಿಯೇ. ಎರಡು ತುಂಡಾಗಿ ಅಂಟಿಸಿದ ನೋಟು ಕಂಡೊಡನೆ ಅದನ್ನು ಹರಿದ ನೋಟೆಂದು ಬದಿಗಿಡುತ್ತಾರೆ. ಆದರೆ ಎರಡೂ ತುಂಡು ಒಂದೇ ನೋಟಿನದಾಗಿದ್ದು, ಕೂಡಿಸಿದಾಗ ಏನೂ ಕಾಣೆಯಾಗದಿದ್ದರೆ ಅದು ಮಾಸಿದ ನೋಟೇ. ಅದಕ್ಕೆ ಪೂರ್ತಿ ಬೆಲೆ. ಎರಡನೆಯದು ನಿಜವಾದ ಹರಿದ ನೋಟು. ಒಂದು ಭಾಗ ಇಲ್ಲವಾಗಿದ್ದರೆ ಅಥವಾ ಎರಡಕ್ಕಿಂತ ಹೆಚ್ಚು ತುಂಡಾಗಿದ್ದರೆ ಅದು ಅಧಿಕಾರಿಯ ಮೇಜಿಗೆ ಹೋಗಬೇಕು. ಮೂರನೆಯದು ಸುಟ್ಟು ಕರಕಲಾದದ್ದು, ಮುಟ್ಟಿದರೆ ಪುಡಿಯಾಗುವಂಥದ್ದು, ಬಿಡಿಸಲಾಗದಂತೆ ಒಂದಕ್ಕೊಂದು ಅಂಟಿಕೊಂಡದ್ದು. ಇವನ್ನು ಶಾಖೆ ತೆಗೆದುಕೊಳ್ಳುವಂತಿಲ್ಲ. ತಿರುವನಂತಪುರದ ಕಚೇರಿಯಲ್ಲಿ ಇವುಗಳಿಗೆ ವಿಶೇಷ ಪರಿಶೀಲನೆ ಇದೆ. ನಿಜವಾಗಿ ರೈಲು ಹತ್ತಬೇಕಾದವರು ಈ ಗುಂಪಿನವರು ಮಾತ್ರ.

ಲೆಕ್ಕ ಮಾಡಿ ತೋರಿಸುವ ಉದಾಹರಣೆ ಬೇಕಾಗುವುದು ಎರಡನೆಯ ಗುಂಪಿಗೆ. ಈಗಿನ 500 ರೂಪಾಯಿ ನೋಟು 15 ಸೆಂಟಿಮೀಟರ್ ಉದ್ದ, 6.6 ಸೆಂಟಿಮೀಟರ್ ಅಗಲ. ಒಟ್ಟು 99 ಚದರ ಸೆಂಟಿಮೀಟರ್. ಐವತ್ತು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟುಗಳಲ್ಲಿ, ಉಳಿದಿರುವ ಅತಿ ದೊಡ್ಡ ಅಖಂಡ ತುಂಡು ಶೇಕಡಾ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ, 40ರಿಂದ 80ರ ನಡುವೆ ಇದ್ದರೆ ಅರ್ಧ, 40ಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ. ಪರವೂರಿನ ಅಂಗಡಿಯವನೊಬ್ಬ ತಂದ ನೋಟಿನ ಒಂದು ಬದಿ ಗೆದ್ದಲು ತಿಂದು 11.5 ಸೆಂಟಿಮೀಟರ್ ಉದ್ದ ಉಳಿದಿದೆ ಎನ್ನಿ. ಅದನ್ನು 6.6ರಿಂದ ಗುಣಿಸಿದರೆ 75.9. ಅಂದರೆ ಅರ್ಧ, 250 ರೂಪಾಯಿ.

ಕೈಪಿಡಿ ಇಲ್ಲಿಗೇ ನಿಂತರೆ ಕಲಿತವರಿಗೆ ಎಲ್ಲ ತಿಳಿಯಿತು ಅನಿಸುತ್ತದೆ. ನಿಯಮದ ನಿಜವಾದ ತಿರುವು ಇರುವುದು ಎರಡನೆಯ ಉದಾಹರಣೆಯಲ್ಲಿ. ಅದೇ ಅಂಗಡಿಯವನ ಇನ್ನೊಂದು ನೋಟು ಎರಡು ತುಂಡಾಗಿದೆ, ನಡುವೆ ಅರ್ಧ ಸೆಂಟಿಮೀಟರ್ ಪಟ್ಟಿ ಕಾಣೆಯಾಗಿದೆ. ಒಂದು ತುಂಡು 9 ಸೆಂಟಿಮೀಟರ್, ಇನ್ನೊಂದು 5.5. ಕಣ್ಣಿಗೆ ನೋಟು ಬಹುತೇಕ ಇಡಿಯಾಗಿಯೇ ಇದೆ. ಆದರೆ ದೊಡ್ಡ ತುಂಡು 59.4 ಚದರ ಸೆಂಟಿಮೀಟರ್, ಸಣ್ಣದು 36.3. ಸಣ್ಣದು ಶೇಕಡಾ 40ನ್ನು ಮುಟ್ಟಲಿಲ್ಲ, ಆದ್ದರಿಂದ ಸಿಗುವುದು ಅರ್ಧ. ಮೂರನೆಯ ನೋಟಿನಲ್ಲಿ ಎರಡೂ ತುಂಡು ತಲಾ 6.2 ಸೆಂಟಿಮೀಟರ್, ನಡುವಿನ 2.6 ಸೆಂಟಿಮೀಟರ್ ಹೋಗಿದೆ. ಇದು ಎರಡನೆಯದಕ್ಕಿಂತ ಹಾಳಾಗಿದೆ. ಆದರೆ ಪ್ರತಿ ತುಂಡೂ 40.92 ಚದರ ಸೆಂಟಿಮೀಟರ್ ಇದೆ. ಒಂದೇ ನೋಟಿನ ಎರಡು ತುಂಡುಗಳೂ ತಲಾ ಶೇಕಡಾ 40 ಇದ್ದರೆ ಪೂರ್ತಿ ಬೆಲೆ ಕೊಡಬೇಕು ಎನ್ನುತ್ತದೆ ನಿಯಮ. ಈ ಎರಡು ನೋಟುಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕದ ಕೈಪಿಡಿ ಅಂದಾಜಿನ ಮೇಲೆ ಬೆಲೆ ಹೇಳುವವರನ್ನೇ ತಯಾರು ಮಾಡುತ್ತದೆ. ಗ್ರಾಹಕ ಜಗಳಕ್ಕೆ ನಿಲ್ಲುವುದೂ ಎರಡನೆಯ ನೋಟಿಗೇ. ಆಗ ಸ್ಕೇಲು ಇಟ್ಟು ಅಳೆದು ತೋರಿಸುವುದು ಬಿಟ್ಟರೆ ಬೇರೆ ಉತ್ತರವಿಲ್ಲ.

ಪಾಠದ ಕೊನೆಯ ಪ್ರಶ್ನೆಗಳೂ ಇದೇ ಜಾಡಿನಲ್ಲಿರಬೇಕು. “ಹರಿದ ನೋಟು ಎಂದರೇನು?” ಎಂಬ ಪ್ರಶ್ನೆಗೆ ಮೇಲಿನ ಪುಟ ನೋಡಿ ಯಾರಾದರೂ ಉತ್ತರ ಬರೆಯುತ್ತಾರೆ. ಅದರ ಬದಲು ಹೀಗೆ ಕೇಳಬಹುದು: “ಒಬ್ಬ ಅಜ್ಜಿ ಒದ್ದೆಯಾಗಿ ಅಂಟಿಕೊಂಡ ನೂರರ ಕಟ್ಟು ತಂದಿದ್ದಾರೆ. ಮೇಲಿನ ಎರಡು ನೋಟು ಸಲೀಸಾಗಿ ಬಿಟ್ಟುಕೊಂಡವು, ಉಳಿದದ್ದು ಬಿಡುತ್ತಿಲ್ಲ. ಏನು ಮಾಡುತ್ತೀರಿ?” ಬಿಟ್ಟ ಎರಡನ್ನು ಇಲ್ಲೇ ತೆಗೆದುಕೊಳ್ಳಬೇಕು. ಉಳಿದದ್ದನ್ನು ಉಗುರು ಹಾಕಿ ಎಳೆಯಬಾರದು. ಹಾಗೆ ಎಳೆದು ಹರಿದರೆ ಅಜ್ಜಿಗೆ ಬರಬೇಕಾದ ದುಡ್ಡೇ ಕಡಿಮೆಯಾಗುತ್ತದೆ. ಇಡೀ ಕಟ್ಟನ್ನು ರಿಸರ್ವ್ ಬ್ಯಾಂಕಿಗೆ ಎಂದವರೂ ತಪ್ಪು, ಇಡೀ ಕಟ್ಟನ್ನು ತೆಗೆದುಕೊಂಡವರೂ ತಪ್ಪು. ಉತ್ತರ ಎರಡು ಭಾಗವಾಗುವ ಪ್ರಶ್ನೆಯೇ ಒಳ್ಳೆಯ ಪ್ರಶ್ನೆ.

ಅಚ್ಚಾದ ಪುಟ ನಿಯಮಕ್ಕಿಂತ ಹಳತಾಗುತ್ತದೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಅದೇ ನೆರೆಯ ಹೊತ್ತಿಗೆ ಜಾರಿಯಲ್ಲಿದ್ದ 2009ರ ನಿಯಮಗಳಲ್ಲಿ 2016ರ ನಂತರ ಬಂದ ಸಣ್ಣ ಅಳತೆಯ ನೋಟುಗಳ ಲೆಕ್ಕ ಇರಲಿಲ್ಲ. ತಿದ್ದುಪಡಿ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. ಪೂರ್ತಿ ಬೆಲೆಯ ಗೆರೆ 65ರಿಂದ 80ಕ್ಕೆ ಏರಿದ್ದೂ ಆಗಲೇ. ಗೆದ್ದಲು ತಿಂದ ಆ ಮೊದಲ ನೋಟು ಸುಮಾರು ಶೇಕಡಾ 77ರಷ್ಟು ಉಳಿದಿದೆ. ಹಳೆಯ ಗೆರೆ ಓದಿಕೊಂಡವರು ಅದಕ್ಕೆ 500 ಎನ್ನುತ್ತಾರೆ, ಹೊಸದನ್ನು ಓದಿಕೊಂಡವರು 250. ಇದಕ್ಕೆ ಪರಿಹಾರ ಉದಾಹರಣೆಗಳನ್ನು ಬಿಟ್ಟು ತತ್ವ ಮಾತ್ರ ಬರೆಯುವುದಲ್ಲ. ಪ್ರತಿ ಉದಾಹರಣೆಯ ಕೆಳಗೆ ಅದು ಯಾವ ವರ್ಷದ ನಿಯಮದ ಮೇಲೆ ನಿಂತಿದೆಯೆಂದು ಬರೆದು, ನಿಯಮ ಬದಲಾದ ದಿನ ಆ ಒಂದು ಹಾಳೆಯನ್ನು ಕಿತ್ತು ಬೇರೆ ಹಾಕುವಂತೆ ಕೈಪಿಡಿಯನ್ನು ಹೊಲಿಯುವುದು.